ಮ್ಯಾನೇಜರ್ ‘ಸರಿ’ ಎಂದು ಸುಮ್ಮನಾಗುವ ವಾರದ ವರದಿ: ದೋಷ ಹುಡುಕುವುದು, ತಿದ್ದಿ ಬರೆಯುವುದು

ಶುಕ್ರವಾರ ಸಂಜೆ ಮ್ಯಾನೇಜರ್‌ಗೆ ವಾರದ ವರದಿ ಕಳಿಸಿದ್ದೀರಿ. ಕೆಲಸದ ವಿವರವೆಲ್ಲ ಅದರಲ್ಲಿದೆ, ಒಂದೂ ಸುಳ್ಳಿಲ್ಲ. ಉತ್ತರ ಬಂದದ್ದು ‘ಸರಿ, ಮುಂದುವರಿಸಿ’ ಎಂದು ಮಾತ್ರ. ಮುಂದಿನ ಶುಕ್ರವಾರವೂ ಅದೇ ಸಾಮಾನು ಬಂದಿಲ್ಲ, ಅದೇ ಅರ್ಜಿ ಪೆಂಡಿಂಗ್. ಮೂರನೆಯ ವಾರ ಮ್ಯಾನೇಜರ್ ಫೋನ್ ಮಾಡಿ ‘ಇದನ್ನು ಮೊದಲೇ ಯಾಕೆ ಹೇಳಲಿಲ್ಲ?’ ಎನ್ನುತ್ತಾರೆ. ನೀವು ಹೇಳಿದ್ದೀರಿ. ವರದಿಯ ಆರನೆಯ ಸಾಲಿನಲ್ಲಿ ಅದು ಇತ್ತು. ಆದರೆ ಅದು ತಮ್ಮಿಂದ ಉತ್ತರ ಬೇಡುವ ಸಾಲು ಎಂದು ಅವರಿಗೆ ತಿಳಿಯಲಿಲ್ಲ.

ಈ ಕೈಪಿಡಿ ಇರುವುದು ಆ ಒಂದು ದೋಷಕ್ಕೆ. ಆದ ಕೆಲಸ, ಎದುರಾದ ಅಡ್ಡಿ, ಮ್ಯಾನೇಜರ್ ಮಾಡಬೇಕಾದ ತೀರ್ಮಾನ ಈ ಮೂರೂ ಒಂದರೊಳಗೊಂದು ಬೆರೆತುಹೋದ ವರದಿಯನ್ನು ಬೇರ್ಪಡಿಸಿ ಬರೆಯುವುದು ಹೇಗೆ ಎಂಬುದನ್ನು ಒಂದು ಮಾದರಿಯಿಟ್ಟುಕೊಂಡು ನೋಡೋಣ.

ದೋಷ ಇದೆ ಎಂದು ತಿಳಿಯುವುದು ಹೇಗೆ

ನಿಮ್ಮ ವರದಿಗೆ ಬಂದ ಉತ್ತರವನ್ನೇ ನೋಡಿ. ನೀವು ಅದರಲ್ಲಿ ಏನನ್ನೋ ಕೇಳಿದ್ದು, ಉತ್ತರವಾಗಿ ಬರೀ ‘ಸರಿ’ ಅಥವಾ ಹೆಬ್ಬೆರಳೆತ್ತಿದ ಇಮೋಜಿ ಬಂದಿದ್ದರೆ ಕೇಳಿದ್ದು ಅವರಿಗೆ ತಲುಪಿಲ್ಲ. ‘ಹಾಗಾದರೆ ಈಗ ನಾನೇನು ಮಾಡಬೇಕು?’ ಎಂದು ಅವರೇ ತಿರುಗಿ ಕೇಳಿದರೆ ತೊಂದರೆ ತಲುಪಿದೆ, ಕೋರಿಕೆ ತಲುಪಿಲ್ಲ. ಒಂದೇ ಸಾಲು ಮೂರು ವಾರದ ವರದಿಯಲ್ಲೂ ಇದ್ದಂತೆಯೇ ಬಂದಿದ್ದರೆ ಅದು ಪ್ರಗತಿಯ ವೇಷ ಹಾಕಿದ ಅಡ್ಡಿ. ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸಿ ನೋಡಿದರೆ ಇಂಥ ಸಾಲುಗಳು ಸುಲಭವಾಗಿ ಸಿಗುತ್ತವೆ.

ಕೆಟ್ಟ ಮಾದರಿ

ಚಿಕ್ಕಮಗಳೂರಿನ ಹೊರವಲಯದಲ್ಲಿ, ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್ ಇದೆ ಎಂದುಕೊಳ್ಳಿ. ಈ ಹಂಗಾಮಿಗೆ ಹೊಸ ಕಲರ್ ಸಾರ್ಟರ್, ಅಂದರೆ ಬಣ್ಣ ನೋಡಿ ಕೆಟ್ಟ ಬೀಜ ಬೇರ್ಪಡಿಸುವ ಮಷೀನು, ಕೂರಿಸುತ್ತಿದ್ದಾರೆ. ಅರೇಬಿಕಾ ಪಾರ್ಚ್‌ಮೆಂಟ್ ಲೋಡುಗಳು ಬರತೊಡಗುವ ಹೊತ್ತಿಗೆ, ಅಂದರೆ ಡಿಸೆಂಬರ್ 8ರ ಸೋಮವಾರಕ್ಕೆ, ಮಷೀನು ಓಡಬೇಕು. ನವೆಂಬರ್ 14ರ ಶುಕ್ರವಾರ ಸೂಪರ್‌ವೈಸರ್ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆಯುತ್ತಾರೆ:

> ನಮಸ್ಕಾರ ಸರ್. ಕಲರ್ ಸಾರ್ಟರ್ ಕೆಲಸ ಚೆನ್ನಾಗಿ ನಡೀತಿದೆ. ಫೌಂಡೇಶನ್ ಆಯ್ತು, ಮಷೀನ್ ಕೂರಿಸಿದ್ದೇವೆ. ಮಳೆಯಿಂದ ಸ್ವಲ್ಪ ತಡ ಆಯ್ತು. ಗಾಳಿ ಪೈಪ್ ಲೈನ್ ಮುಕ್ಕಾಲು ಮುಗಿದಿದೆ. ಕಂಪ್ರೆಸರ್ ಬಂದಿದೆ, ಏರ್ ಡ್ರೈಯರ್ ಇನ್ನೂ ಬಂದಿಲ್ಲ, ಸಪ್ಲೈಯರ್ ಹತ್ರ ಮಾತಾಡ್ತಾ ಇದ್ದೀವಿ, ಬೇರೆ ಮಾಡೆಲ್ ಸ್ಟಾಕ್ ಇದೆಯಂತೆ, ರೇಟ್ ಸ್ವಲ್ಪ ಜಾಸ್ತಿ. ಕರೆಂಟ್ ಲೋಡ್ ಅರ್ಜಿ ಹಾಕಿದೆ, ಪೆಂಡಿಂಗ್ ಇದೆ. ಕಂಪನಿ ಇಂಜಿನಿಯರ್ ಡೇಟ್ ಕೇಳ್ತಿದ್ದಾರೆ. ಬೀಜ ಆರಿಸೋ ಹೆಂಗಸರ ವಿಷಯಾನೂ ತಾವು ಒಂದ್ಸಲ ನೋಡಬೇಕು. ಒಟ್ಟಿನಲ್ಲಿ 80 ಪರ್ಸೆಂಟ್ ಆಗಿದೆ ಸರ್.

ಓದಿದವರ ಮನಸ್ಸಿನಲ್ಲಿ ಉಳಿಯುವುದು ಮೊದಲ ಸಾಲು ಮತ್ತು ಕೊನೆಯ ಸಾಲು: ಚೆನ್ನಾಗಿ ನಡೀತಿದೆ, 80 ಪರ್ಸೆಂಟ್ ಆಗಿದೆ. ನಡುವೆ ಎರಡು ತೀರ್ಮಾನಗಳು ಮ್ಯಾನೇಜರ್‌ಗಾಗಿ ಕಾಯುತ್ತಿವೆ, ಒಂದಕ್ಕೆ ಇನ್ನು ನಾಲ್ಕೇ ದಿನದ ಗಡುವು. ಅದು ಇಲ್ಲಿ ಎಲ್ಲೂ ಕಾಣುವುದಿಲ್ಲ.

ಪ್ರತಿ ಸಾಲಿಗೂ ಒಂದೇ ಪ್ರಶ್ನೆ

ಬೇರ್ಪಡಿಸಲು ವರದಿಯ ಒಂದೊಂದು ಸಾಲನ್ನೂ ಹಿಡಿದು ‘ಮುಂದಿನ ಹೆಜ್ಜೆ ಯಾರದು?’ ಎಂದು ಕೇಳಿ. ಯಾರದೂ ಅಲ್ಲ, ಆಗಿಹೋಗಿದೆ ಅಥವಾ ನಮ್ಮ ಕೈಯಲ್ಲೇ ಇದೆ ಎಂದಾದರೆ ಅದು ಪ್ರಗತಿ. ಹೊರಗಿನ ಯಾರೋ ಒಬ್ಬರು ಏನೋ ಮಾಡುವ ತನಕ ನಮ್ಮ ಕೆಲಸ ನಿಂತಿದೆ, ಅವರ ಬೆನ್ನು ಹತ್ತಿರುವವರು ನಾವೇ ಎಂದಾದರೆ ಅದು ಅಡ್ಡಿ. ಮ್ಯಾನೇಜರ್ ಬಾಯಿಬಿಟ್ಟು ‘ಹೂಂ’ ಅಥವಾ ‘ಬೇಡ’ ಎನ್ನದೆ ಯಾರೂ ಹೆಜ್ಜೆ ಇಡುವಂತಿಲ್ಲ ಎಂದಾದರೆ ಅದು ತೀರ್ಮಾನ.

ಈ ಪ್ರಶ್ನೆಗೆ ಸಾಲಿನಲ್ಲೇ ಉತ್ತರ ಸಿಗದಿದ್ದರೆ ದೋಷ ಇರುವುದು ಅಲ್ಲೇ. ಕನ್ನಡದಲ್ಲಿ ನಾವು ಕರ್ತೃವನ್ನು ಬಿಟ್ಟು ಧಾರಾಳವಾಗಿ ಮಾತಾಡುತ್ತೇವೆ. ‘ಅರ್ಜಿ ಹಾಕಿದೆ’, ‘ಹೇಳಲಾಗಿದೆ’, ‘ಮಾತಾಡ್ತಾ ಇದ್ದೀವಿ’ ಎಂದರೆ ಎದುರೆದುರು ಮಾತಿನಲ್ಲಿ ಸಾಕು, ಕೇಳುವವರಿಗೆ ಯಾರೆಂದು ಗೊತ್ತಿರುತ್ತದೆ. ವರದಿಯಲ್ಲಿ ಅದೇ ರೂಢಿ ಹೊಣೆಗಾರನನ್ನೂ ತಾರೀಖನ್ನೂ ನುಂಗಿಬಿಡುತ್ತದೆ. ಹಾಗಾಗಿ ಇಂಥ ಕ್ರಿಯಾಪದ ಕಂಡಲ್ಲೆಲ್ಲ ಯಾರು, ಯಾವತ್ತು ಎಂಬ ಎರಡನ್ನು ತುಂಬಿಸಿ ನೋಡಿ. ತುಂಬಿಸಲು ನಿಮಗೇ ಗೊತ್ತಿಲ್ಲದಿದ್ದರೆ ವರದಿ ಬರೆಯುವುದನ್ನು ನಿಲ್ಲಿಸಿ, ಮೊದಲು ಫೋನ್ ಮಾಡಿ ವಿಚಾರಿಸಿ.

ಡ್ರೈಯರ್ ಸಾಲು: ಅಡ್ಡಿಯೊಳಗೆ ಅಡಗಿದ ತೀರ್ಮಾನ

ಮಾದರಿಯಲ್ಲಿ ಅತಿ ದುಬಾರಿ ದೋಷ ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕಲರ್ ಸಾರ್ಟರ್ ಕೆಟ್ಟ ಬೀಜವನ್ನು ಗಾಳಿಯ ಹೊಡೆತದಿಂದ ಬದಿಗೆ ಹಾರಿಸುತ್ತದೆ. ಆ ಗಾಳಿ ಒಣಗಿರಬೇಕು. ಗಾಳಿಯಲ್ಲಿ ನೀರಿನ ಅಂಶ ಇದ್ದರೆ ಗಾಳಿ ಬಿಡುವ ಸಣ್ಣ ವಾಲ್ವುಗಳು ಕೆಡುತ್ತವೆ. ಅದಕ್ಕೇ ಡ್ರೈಯರ್ ಇಲ್ಲದೆ ಕಂಪನಿಯ ಇಂಜಿನಿಯರ್ ಮಷೀನು ಚಾಲೂ ಮಾಡಿಕೊಡುವುದಿಲ್ಲ. ಇದು ಸೂಪರ್‌ವೈಸರ್‌ಗೆ ಗೊತ್ತು. ಮ್ಯಾನೇಜರ್‌ಗೆ ಗೊತ್ತಿರಬೇಕಿಲ್ಲ. ‘ಡ್ರೈಯರ್ ಇನ್ನೂ ಬಂದಿಲ್ಲ’ ಎಂದರೆ ಅವರಿಗೆ ಅದೊಂದು ಬಿಡಿ ಸಾಮಾನು ತಡವಾದಂತೆ ಕೇಳಿಸುತ್ತದೆ, ಇಡೀ ಮಷೀನು ನಿಂತಿದೆ ಎಂದಲ್ಲ.

ಮುಂದಿನ ಮಾತು ‘ಬೇರೆ ಮಾಡೆಲ್ ಸ್ಟಾಕ್ ಇದೆಯಂತೆ, ರೇಟ್ ಸ್ವಲ್ಪ ಜಾಸ್ತಿ’ ಎಂಬುದು. ಇದು ನಿಜಕ್ಕೂ ಒಂದು ಪ್ರಶ್ನೆ: ಹೆಚ್ಚು ದುಡ್ಡು ಕೊಟ್ಟು ಅದನ್ನು ತರಿಸೋಣವೇ? ಪ್ರಶ್ನೆ ಸುದ್ದಿಯ ರೂಪದಲ್ಲಿ ಬಂದಿದೆ, ಅದಕ್ಕೇ ಉತ್ತರ ಬರುವುದಿಲ್ಲ. ಹಿರಿಯರಿಗೆ ನೇರವಾಗಿ ‘ಇದಕ್ಕೆ ಉತ್ತರ ಕೊಡಿ’ ಎನ್ನಲು ನಮಗೆ ಸಂಕೋಚ. ಮಾಹಿತಿ ಮುಂದಿಟ್ಟರೆ ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಿಡುತ್ತೇವೆ. ಕೇಳುವ ರೀತಿಯಲ್ಲಿ ಮರ್ಯಾದೆ ಇದ್ದರೆ ಸಾಕು, ಕೇಳುವುದನ್ನೇ ಬಿಡಬೇಕಿಲ್ಲ.

ತೀರ್ಮಾನದ ಸಾಲಿಗೆ ಐದು ಸಂಗತಿ ಬೇಕು: ಪ್ರಶ್ನೆ, ಇರುವ ದಾರಿಗಳು, ಒಂದೊಂದರ ಬೆಲೆ, ನಿಮ್ಮ ಸಲಹೆ, ಉತ್ತರ ಬೇಕಾದ ದಿನ. ಕೊನೆಯದನ್ನು ಊಹಿಸಿ ಬರೆಯಬೇಡಿ, ಹಿಂದಕ್ಕೆ ಎಣಿಸಿ ತೆಗೆಯಿರಿ.

ಇಲ್ಲಿ ಎಣಿಕೆ ಹೀಗೆ. ಡಿಸೆಂಬರ್ 8ಕ್ಕೆ ಓಡಬೇಕು. ಅದಕ್ಕೆ ಮೊದಲು 6ರ ಶನಿವಾರ ನಮ್ಮದೇ ಬೀಜ ಹಾಕಿ ಟ್ರಯಲ್. ಇಂಜಿನಿಯರ್‌ಗೆ ಮೂರು ದಿನದ ಕೆಲಸ, ಅಂದರೆ 3ರಿಂದ 5. ಅವರನ್ನು ಕರೆಸಲು ಹತ್ತು ದಿನ ಮೊದಲು ದಿನಾಂಕ ಖಚಿತಪಡಿಸಬೇಕು. ಅದು ನವೆಂಬರ್ 23ರ ಭಾನುವಾರಕ್ಕೆ ಬೀಳುವುದರಿಂದ 22ರೊಳಗೆ ಆಗಬೇಕು. ಡ್ರೈಯರ್ ಬರುವುದು ಖಾತ್ರಿಯಾಗದೆ ಆ ದಿನಾಂಕ ಕೊಡುವಂತಿಲ್ಲ. ಸಪ್ಲೈಯರ್ ಸ್ಟಾಕ್ ಇರುವ ಮಾಡೆಲನ್ನು ನಮಗಾಗಿ 18ರ ಮಂಗಳವಾರದವರೆಗೆ ಮಾತ್ರ ತೆಗೆದಿಡುತ್ತಾರೆ. ಆರ್ಡರ್ ಕೊಟ್ಟ ಮೂರು ದಿನಕ್ಕೆ ಅದು ಬರುತ್ತದೆ, ಕೂರಿಸಲು ಎರಡು ದಿನ. ಹಾಗಾದರೆ ಉತ್ತರ ಬೇಕಾದ ಕೊನೆಯ ದಿನ ನವೆಂಬರ್ 18.

ಈಗ ಉತ್ತರ ಬರದಿದ್ದರೆ ಏನಾಗುತ್ತದೆ ಎಂದು ನೋಡಿ. ಮೊದಲು ಆರ್ಡರ್ ಮಾಡಿದ ಡ್ರೈಯರ್ ಡಿಸೆಂಬರ್ 5ಕ್ಕೆ ಬರುತ್ತದೆ. ಕೂರಿಸಿ ಮುಗಿಯುವಾಗ 8. ಇಂಜಿನಿಯರ್ ಸಿಗುವುದು 10ರಿಂದ 12, ಟ್ರಯಲ್ 13ಕ್ಕೆ, ಮಷೀನು ಓಡುವುದು 15ಕ್ಕೆ. ಅಂದರೆ ಒಂದು ವಾರ ತಡ. ಇದನ್ನು ಬರೆದುಬಿಟ್ಟರೆ ಪ್ರಶ್ನೆ ಬಹಳ ಸರಳವಾಗುತ್ತದೆ: ಆ ಒಂದು ವಾರ ಉಳಿಸಲು ಸ್ಟಾಕ್ ಇರುವ ಮಾಡೆಲಿಗೆ 38,000 ರೂಪಾಯಿ ಹೆಚ್ಚು ಕೊಡೋಣವೇ, ಬೇಡವೇ? ‘ರೇಟ್ ಸ್ವಲ್ಪ ಜಾಸ್ತಿ’ ಎಂದು ಬರೆದಾಗ ಯಾವ ಮ್ಯಾನೇಜರೂ ಇದಕ್ಕೆ ಉತ್ತರಿಸಲಾರರು. ಮೊತ್ತ ಬರೆದಾಗ ಅರ್ಧ ನಿಮಿಷದಲ್ಲಿ ಉತ್ತರಿಸಬಲ್ಲರು.

‘ಇಂಜಿನಿಯರ್ ಡೇಟ್ ಕೇಳ್ತಿದ್ದಾರೆ’ ಎಂಬ ಸಾಲಿಗೂ ಇದರಿಂದ ಜಾಗ ಸಿಕ್ಕಿತು. ಅದು ಬೇರೆ ತೀರ್ಮಾನವಲ್ಲ, ಡ್ರೈಯರ್ ತೀರ್ಮಾನದ ಬಾಲ. ಒಂದೇ ಗಂಟನ್ನು ಎರಡು ಕಡೆ ತೋರಿಸಿದರೆ ಓದುವವರು ಎರಡು ಸಮಸ್ಯೆ ಎಂದುಕೊಳ್ಳುತ್ತಾರೆ.

ಕರೆಂಟ್ ಲೋಡ್: ನಿಜವಾದ ಅಡ್ಡಿ

ಇಲ್ಲಿ ಮ್ಯಾನೇಜರ್ ಸದ್ಯಕ್ಕೆ ಮಾಡಬೇಕಾದ್ದು ಏನೂ ಇಲ್ಲ. ಹೆಚ್ಚಿನ ಲೋಡಿಗೆ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟದ್ದು ಅಕ್ಟೋಬರ್ 27ಕ್ಕೆ. ಸ್ಥಳ ಪರಿಶೀಲನೆ ಆಗಿಲ್ಲ. ನವೆಂಬರ್ 12ಕ್ಕೆ ವಿಚಾರಿಸಿದಾಗ ಕಚೇರಿಯವರು ಮುಂದಿನ ವಾರ ಬರುತ್ತೇವೆ ಎಂದಿದ್ದಾರೆ. 17ಕ್ಕೆ ನಮ್ಮ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಖುದ್ದಾಗಿ ಹೋಗುತ್ತಾರೆ. ‘ಪೆಂಡಿಂಗ್ ಇದೆ’ ಎಂಬ ಎರಡು ಪದದ ಜಾಗದಲ್ಲಿ ಬರಬೇಕಾದ್ದು ಇಷ್ಟು: ಏನು ನಿಂತಿದೆ, ಯಾರ ಬಳಿ ನಿಂತಿದೆ, ನಾವು ಕೊನೆಯದಾಗಿ ಮಾಡಿದ್ದೇನು, ಮುಂದೆ ಮಾಡುವುದು ಯಾವತ್ತು.

ಇದಕ್ಕೆ ಇನ್ನೊಂದು ಸೇರಿಸಬೇಕು. ಅಡ್ಡಿ ಯಾವ ದಿನ ತೀರ್ಮಾನವಾಗಿ ಬದಲಾಗುತ್ತದೆ ಎಂಬುದು. ನವೆಂಬರ್ 24ರೊಳಗೆ ಪರಿಶೀಲನೆ ಆಗದಿದ್ದರೆ ಟ್ರಯಲನ್ನು ಜನರೇಟರ್‌ನಲ್ಲಿ ಮಾಡಬೇಕೇ ಎಂದು ಆಗ ಕೇಳಬೇಕಾಗುತ್ತದೆ. ಇದನ್ನು ಈಗಲೇ ಕೇಳಿದರೆ ಮ್ಯಾನೇಜರ್ ಬೇಕಿಲ್ಲದ ಪ್ರಶ್ನೆಗೆ ತಲೆ ಕೊಡಬೇಕು. ಈಗ ಹೇಳದೇ ಇದ್ದರೆ 24ರಂದು ಏಕಾಏಕಿ ಬಿದ್ದಂತಾಗುತ್ತದೆ. ದಿನಾಂಕವನ್ನಷ್ಟೇ ಮುಂಚಿತವಾಗಿ ತಿಳಿಸಿಡುವುದು ಸರಿ.

ಅಡ್ಡಿಯ ಸಾಲಿನಲ್ಲಿ ದೂರು ಬೇಡ. ‘ಅಕೌಂಟ್ಸ್‌ನವರು ದುಡ್ಡೇ ಬಿಡ್ತಿಲ್ಲ’ ಎಂದು ಗ್ರೂಪಿನಲ್ಲಿ ಬರೆದರೆ ಅಡ್ಡಿ ಹೋಗಿ ಜಗಳ ಶುರುವಾಗುತ್ತದೆ, ಬಿಲ್ಲು ಅಲ್ಲೇ ಇರುತ್ತದೆ. ‘ಅಡ್ವಾನ್ಸ್ ಬಿಲ್ 11ಕ್ಕೆ ಅಕೌಂಟ್ಸ್‌ಗೆ ಕೊಟ್ಟಿದೆ, 17ರೊಳಗೆ ಹಣ ಹೋದರೆ ಸಾಮಾನು 20ಕ್ಕೆ ಬರುತ್ತದೆ’ ಎಂದರೆ ಅಷ್ಟೇ ವಿಷಯ, ಯಾರ ಮುಖಕ್ಕೂ ಹೊಡೆದಂತಿಲ್ಲ.

ಹೆಂಗಸರ ಸಾಲು: ಪ್ರಶ್ನೆಯೇ ಇಲ್ಲದ ಕೋರಿಕೆ

‘ಬೀಜ ಆರಿಸೋ ಹೆಂಗಸರ ವಿಷಯಾನೂ ತಾವು ಒಂದ್ಸಲ ನೋಡಬೇಕು’ ಎಂದರೆ ಏನು ನೋಡಬೇಕು? ಕೂಲಿಯೇ, ಶೆಡ್ಡೇ, ಸಂಖ್ಯೆಯೇ? ಬರೆದವರ ಮನಸ್ಸಿನಲ್ಲಿದ್ದದ್ದು ಇದು: ಹಂಗಾಮಿಗೆ ಪ್ರತಿ ವರ್ಷ 24 ಜನ ಬರುತ್ತಾರೆ, ಮಷೀನು ಬಂದ ಮೇಲೆ ಈ ಸಲ ಎಷ್ಟು ಜನರನ್ನು ಕರೆಯೋಣ? ಇದಕ್ಕೂ ಗಡುವಿದೆ. ತೋಟಗಳಲ್ಲಿ ಹಣ್ಣು ಕೊಯ್ಲು ಹತ್ತಿರ ಬಂದಿದೆ. ನಾವು ಹೇಳಿ ಕಳಿಸುವುದು ತಡವಾದರೆ ಅವರು ತೋಟದ ಮೇಸ್ತ್ರಿಗಳಿಗೆ ಒಪ್ಪಿಕೊಂಡುಬಿಡುತ್ತಾರೆ. ಇನ್ನೊಂದು ಕಡೆ, ನಮ್ಮನ್ನು ನಂಬಿ ಬೇರೆಡೆ ಒಪ್ಪದೆ ಕಾದವರಿಗೆ ಹಂಗಾಮಿನ ಮೊದಲ ದಿನ ಗೇಟಿನಲ್ಲಿ ‘ಈ ಸಲ ಇಷ್ಟೇ ಜನ ಸಾಕು’ ಎನ್ನುವ ಹಾಗೆ ಆಗಬಾರದು. ಅವರ ವರ್ಷದ ಸಂಪಾದನೆಯ ಪ್ರಶ್ನೆ ಇದು. ವರದಿಯ ಕೊನೆಗೆ ಅರ್ಧ ಸಾಲಿನಲ್ಲಿ ಸೇರಿಸಿ ಬಿಡುವಂಥದ್ದಲ್ಲ. ನವೆಂಬರ್ 25 ಎಂದು ಗಡುವು ಬರೆದು, ಸಂಖ್ಯೆ ಬರೆದು, ಸಲಹೆ ಬರೆದು ಕೇಳಬೇಕು.

ಸಲಹೆ ಕೊಡಲು ಹಿಂಜರಿಯಬೇಡಿ. ಶೆಡ್ಡಿನಲ್ಲಿ ನಿಂತು ನೋಡುವವರು ನೀವು. ಹೊಸ ಸಾರ್ಟರಿನ ಸೆಟ್ಟಿಂಗ್ ಹದಕ್ಕೆ ಬರುವ ತನಕ ಅದು ಒಳ್ಳೆಯ ಬೀಜವನ್ನೂ ಹೊರಗೆ ಹಾಕಬಹುದು, ಕೆಟ್ಟದ್ದನ್ನೂ ಬಿಡಬಹುದು. ಎರಡನ್ನೂ ಕೈಯಲ್ಲಿ ಮತ್ತೆ ನೋಡಲು ಜನ ಬೇಕೇ ಬೇಕು. ಈ ಕಾರಣ ಮ್ಯಾನೇಜರ್‌ಗೆ ತಾನಾಗಿ ಹೊಳೆಯದಿರಬಹುದು.

80 ಪರ್ಸೆಂಟ್ ಮತ್ತು ಮಳೆ

ಶೇಕಡಾವಾರು ಲೆಕ್ಕ ಬೇಡವೇ ಬೇಡ. ಈ ಕೆಲಸದಲ್ಲಿ ಆರು ಭಾಗಗಳಿವೆ: ಫೌಂಡೇಶನ್, ಮಷೀನು ಕೂರಿಸುವುದು, ಕಂಪ್ರೆಸರ್ ಮತ್ತು ಡ್ರೈಯರ್, ಗಾಳಿಯ ಪೈಪು, ಕರೆಂಟು, ಟ್ರಯಲ್. ಪೂರ್ತಿ ಮುಗಿದದ್ದು ಎರಡು. ಅರ್ಧಂಬರ್ಧ ಆದದ್ದು ಎರಡು. ಒಂದು ಬೇರೆಯವರ ಕೈಯಲ್ಲಿದೆ, ಒಂದು ಶುರುವೇ ಆಗಿಲ್ಲ. ಬೆವರು ಸುರಿಸಬೇಕಾದ ಕೆಲಸದಲ್ಲಿ ಬಹುಪಾಲು ಮುಗಿದಿದೆ ಎಂಬ ಅರ್ಥದಲ್ಲಿ 80 ಎಂದಿದ್ದಾರೆ, ಅದು ಮೋಸವಲ್ಲ. ಆದರೆ ಉಳಿದದ್ದರಲ್ಲಿ ಹೆಚ್ಚಿನದು ಕಾಯುವ ಕೆಲಸ, ಕಾಯುವುದಕ್ಕೆ ಪರ್ಸೆಂಟ್ ಇಲ್ಲ. ‘ಆರರಲ್ಲಿ ಎರಡು ಮುಗಿದಿದೆ’ ಎಂದರೆ ಮ್ಯಾನೇಜರ್‌ಗೆ ಸ್ಥಿತಿ ಕಾಣುತ್ತದೆ. ಪೈಪಿನದೂ ಹಾಗೆಯೇ: ‘ಮುಕ್ಕಾಲು’ ಬದಲು ‘40 ಮೀಟರಿನಲ್ಲಿ 30’.

ಮಳೆ ನಿಂತು, ಫೌಂಡೇಶನ್ನೂ ಮುಗಿದ ಮೇಲೆ ಅದು ಅಡ್ಡಿಯಲ್ಲ, ಕಾರಣ. ಕೊನೆಯ ದಿನಾಂಕ ಅದರಿಂದ ಸರಿದಿದ್ದರೆ ಒಂದು ಮಾತು ಬರೆಯಿರಿ, ಸರಿಯದಿದ್ದರೆ ತೆಗೆದುಹಾಕಿ.

ತಿದ್ದಿದ ವರದಿ

ವಾಟ್ಸಾಪ್ ಉದ್ದದ ಮೆಸೇಜನ್ನು ಮಡಚಿ ತೋರಿಸುತ್ತದೆ, ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಆಲ್ದೂರಿನ ಕಡೆ ತೋಟದಲ್ಲಿ ಸಿಗ್ನಲ್ ಬಂದು ಹೋಗುತ್ತಿರುವಾಗ ಓದುವವರಿಗೆ ಅಷ್ಟರಲ್ಲೇ ವಿಷಯ ಸಿಗಬೇಕು. ಆದ್ದರಿಂದ ಮೊದಲು ಒಂದು ಸಾಲಿನ ಸ್ಥಿತಿ, ಕೂಡಲೇ ತೀರ್ಮಾನಗಳು, ಆಮೇಲೆ ಅಡ್ಡಿ, ಕೊನೆಗೆ ಪ್ರಗತಿ. ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸಾಪ್‌ನಲ್ಲಿ ಅದು ದಪ್ಪಗೆ ಕಾಣುತ್ತದೆ, ತಲೆಬರಹಕ್ಕೆ ಅಷ್ಟು ಸಾಕು.

> ನಮಸ್ಕಾರ ಸರ್. ಕಲರ್ ಸಾರ್ಟರ್, ನ. 14. ಡಿ. 8ಕ್ಕೆ ಓಡಿಸಬಹುದು, ಆದರೆ ಕೆಳಗಿನ 1ಕ್ಕೆ ಮಂಗಳವಾರದೊಳಗೆ ತಮ್ಮ ಉತ್ತರ ಬೇಕು.
>
> ತಮ್ಮ ತೀರ್ಮಾನ ಬೇಕು
>
> 1. ಏರ್ ಡ್ರೈಯರ್ (ನ. 18ರೊಳಗೆ): ಡ್ರೈಯರ್ ಇಲ್ಲದೆ ಮಷೀನು ಚಾಲೂ ಆಗುವುದಿಲ್ಲ. ಆರ್ಡರ್ ಮಾಡಿದ್ದು ಡಿ. 5ಕ್ಕೆ ಬರುತ್ತದೆ, ಅದಕ್ಕೆ ಕಾದರೆ ಮಷೀನು ಓಡುವುದು ಡಿ. 15ಕ್ಕೆ. ಬೇರೆ ಮಾಡೆಲ್ ಸ್ಟಾಕ್ ಇದೆ, ₹38,000 ಹೆಚ್ಚು, ಅದಾದರೆ ಡಿ. 8 ಉಳಿಯುತ್ತದೆ. ಸ್ಟಾಕ್ ಇರುವುದನ್ನೇ ತರಿಸೋಣ ಎಂಬುದು ನನ್ನ ಸಲಹೆ. ತಾವು ಒಪ್ಪಿದರೆ ಇಂಜಿನಿಯರ್‌ಗೆ ಡಿ. 3ರಿಂದ 5 ಎಂದು ದಿನಾಂಕ ಕೊಡುತ್ತೇನೆ. 18ರೊಳಗೆ ತಿಳಿಸದಿದ್ದರೆ ಹಳೆಯ ಆರ್ಡರ್‌ಗೇ ಕಾಯುತ್ತೇನೆ.
>
> 2. ಬೀಜ ಆರಿಸುವವರು (ನ. 25ರೊಳಗೆ): ಎಂದಿನಂತೆ 24 ಜನ ಕರೆಯೋಣವೇ, 12 ಸಾಕೇ? ಮಷೀನಿನ ಸೆಟ್ಟಿಂಗ್ ಹದಕ್ಕೆ ಬರುವ ತನಕ, ಜ. 10ರವರೆಗೆ, 24 ಜನ ಇರಲಿ ಎಂಬುದು ನನ್ನ ಸಲಹೆ. 25 ದಾಟಿದರೆ ತೋಟದ ಕೊಯ್ಲಿಗೆ ಹೋಗಿಬಿಡುತ್ತಾರೆ.
>
> ಅಡ್ಡಿ
>
> ಕರೆಂಟ್ ಲೋಡ್: ಅ. 27ಕ್ಕೆ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ, ಅವರಿಂದ ಸ್ಥಳ ಪರಿಶೀಲನೆ ಆಗಿಲ್ಲ. ನ. 12ಕ್ಕೆ ವಿಚಾರಿಸಿದೆ. 17ಕ್ಕೆ ಕಾಂಟ್ರಾಕ್ಟರ್ ಖುದ್ದಾಗಿ ಹೋಗುತ್ತಾರೆ. 24ರೊಳಗೆ ಆಗದಿದ್ದರೆ ಜನರೇಟರ್‌ನಲ್ಲಿ ಟ್ರಯಲ್ ಮಾಡುವ ಬಗ್ಗೆ ಆಗ ಕೇಳುತ್ತೇನೆ. ಸದ್ಯ ತಾವು ಏನೂ ಮಾಡಬೇಕಿಲ್ಲ.
>
> ಪ್ರಗತಿ
>
> ಆರು ಭಾಗದಲ್ಲಿ ಎರಡು ಮುಗಿದಿದೆ: ಫೌಂಡೇಶನ್, ಮಷೀನು ಕೂರಿಸುವುದು. ಕಂಪ್ರೆಸರ್ ಬಂದಿದೆ. ಗಾಳಿಯ ಪೈಪು 40 ಮೀಟರಿನಲ್ಲಿ 30 ಆಗಿದೆ, ಉಳಿದದ್ದು ನ. 19ಕ್ಕೆ.

ಇದು ಮೊದಲಿನದಕ್ಕಿಂತ ಉದ್ದವಾಗಿದೆ, ಅದರಿಂದ ತೊಂದರೆಯಿಲ್ಲ. ಉದ್ದವಾದದ್ದು ತೀರ್ಮಾನ ಮತ್ತು ಅಡ್ಡಿಯ ಭಾಗ, ಪ್ರಗತಿಯ ಭಾಗ ಕುಗ್ಗಿದೆ. ತೀರ್ಮಾನಗಳಿಗೆ ನಂಬರ್ ಇರುವುದರಿಂದ ಮ್ಯಾನೇಜರ್ ‘1 ಸರಿ, 2 ಸೋಮವಾರ ಮಾತಾಡೋಣ’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಇದೇ ವಿಷಯವನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಬೇಡಿ. ಅದರಲ್ಲಿ ಎರಡನೆಯ ಪ್ರಶ್ನೆ ಎಲ್ಲಿತ್ತೆಂದು ಹುಡುಕಲು ಪೂರ್ತಿ ಮತ್ತೆ ಕೇಳಬೇಕಾಗುತ್ತದೆ.

ಕಳಿಸುವ ಮುನ್ನ ಪರೀಕ್ಷೆ

ಅಡ್ಡಿ ಮತ್ತು ಪ್ರಗತಿಯ ಭಾಗವನ್ನು ಕೈಯಿಂದ ಮುಚ್ಚಿ ತೀರ್ಮಾನದ ಭಾಗ ಮಾತ್ರ ಓದಿ. ಅಷ್ಟರಿಂದಲೇ ಉತ್ತರ ಕೊಡಲು ಸಾಧ್ಯವೇ? ಮೊತ್ತ ತಿಳಿಯಲು ಕೆಳಗೆ ಹೋಗಬೇಕಾದರೆ ಮೊತ್ತವನ್ನು ಮೇಲೆ ತನ್ನಿ. ಆಮೇಲೆ ಪ್ರಗತಿಯ ಭಾಗ ಮಾತ್ರ ಓದಿ. ಅದರಲ್ಲಿ ‘ಆದರೆ’ ಎಂಬ ಪದ ಸಿಕ್ಕರೆ ಅದರ ಹಿಂದೆ ಒಂದು ಅಡ್ಡಿ ಉಳಿದುಕೊಂಡಿದೆ ಎಂದರ್ಥ.

ವಿರುದ್ಧ ದಿಕ್ಕಿನ ದೋಷವೂ ಇದೆ. ಬೇರ್ಪಡಿಸಲು ಕಲಿತ ಮೇಲೆ ಕೆಲವರು ಎಲ್ಲವನ್ನೂ ತೀರ್ಮಾನದ ಪಟ್ಟಿಗೆ ಹಾಕುತ್ತಾರೆ. ಉಳಿದ 10 ಮೀಟರ್ ಗಾಳಿಯ ಪೈಪಿಗೆ ಎರಡು ಬೆಂಡ್ ಕಡಿಮೆ ಬಿದ್ದರೆ ಅದನ್ನು ಅಂಗಡಿಯಿಂದ ತರಿಸಲು ಮ್ಯಾನೇಜರ್ ಅಪ್ಪಣೆ ಬೇಕಿಲ್ಲ. ನಿಮಗೆ ಕೊಟ್ಟಿರುವ ಖರ್ಚಿನ ಮಿತಿಯೊಳಗಿನದನ್ನು ನೀವೇ ಮಾಡಿ ಪ್ರಗತಿಯಲ್ಲಿ ಬರೆಯಿರಿ. ಒಂದು ವಾರಕ್ಕೆ ಮೂರಕ್ಕಿಂತ ಹೆಚ್ಚು ತೀರ್ಮಾನ ಕೇಳುವಂತಾದರೆ ಅದನ್ನು ಮೆಸೇಜಿನಲ್ಲಿ ಮುಗಿಸಲು ಹೋಗಬೇಡಿ, ಕಾಲು ಗಂಟೆ ಸಮಯ ಕೇಳಿ ಎದುರು ಕೂತು ಮುಗಿಸಿ. ಮಷೀನಿಗೆ ಕೈ ಸಿಕ್ಕಂಥ, ಮೋಟಾರು ಸುಟ್ಟಂಥ ಸಂಗತಿಗಳಿಗೆ ಶುಕ್ರವಾರದ ವರದಿ ಜಾಗವೇ ಅಲ್ಲ, ಆ ಕ್ಷಣವೇ ಫೋನ್ ಮಾಡಬೇಕು.

ಉತ್ತರ ಬಾರದಿದ್ದರೆ

ಮಂಗಳವಾರ ಬೆಳಿಗ್ಗೆವರೆಗೂ 1ಕ್ಕೆ ಉತ್ತರವಿಲ್ಲ ಎಂದುಕೊಳ್ಳಿ. ಇಡೀ ವರದಿಯನ್ನು ಮತ್ತೆ ಕಳಿಸಬೇಡಿ. ‘ಸರ್, ಡ್ರೈಯರ್ ಸ್ಟಾಕ್ ಇವತ್ತು ಸಂಜೆವರೆಗೆ ಮಾತ್ರ. ತರಿಸಲೇ?’ ಎಂದು ಒಂದು ಸಾಲು ಬರೆದು, ಬಳಿಕ ಒಂದು ಕರೆ ಮಾಡಿ. ಫೋನಿನಲ್ಲಿ ‘ಹೂಂ, ತರಿಸಿ’ ಎಂದರೆ ಅದನ್ನು ಹಾಗೇ ಬಿಡದೆ ‘ತಾವು ಹೇಳಿದಂತೆ ಸ್ಟಾಕ್ ಇರುವ ಡ್ರೈಯರ್ ಆರ್ಡರ್ ಮಾಡಿದ್ದೇನೆ, ₹38,000 ಹೆಚ್ಚು’ ಎಂದು ಅದೇ ಮೆಸೇಜಿನ ಕೆಳಗೆ ಬರೆದಿಡಿ. ಬಿಲ್ಲು ಬಂದಾಗ ಅಕೌಂಟ್ಸ್‌ಗೆ ತೋರಿಸಲು ಆ ಸಾಲು ಬೇಕಾಗುತ್ತದೆ.

ಮುಂದಿನ ಶುಕ್ರವಾರ, 21ಕ್ಕೆ, ಡ್ರೈಯರ್ ತೀರ್ಮಾನದ ಪಟ್ಟಿಯಿಂದ ಇಳಿದು ಪ್ರಗತಿಗೆ ಬರುತ್ತದೆ: ‘ನ. 18ಕ್ಕೆ ತಾವು ಒಪ್ಪಿದ ಡ್ರೈಯರ್ ಇವತ್ತು ಬಂತು.’ ಹೆಂಗಸರ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲದಿದ್ದರೆ ಅದು 1ನೇ ನಂಬರಿಗೆ ಏರುತ್ತದೆ, ಪಕ್ಕದಲ್ಲಿ ‘ನ. 14ಕ್ಕೆ ಕೇಳಿದ್ದು, ಇನ್ನು ನಾಲ್ಕು ದಿನ’ ಎಂದು ಸೇರುತ್ತದೆ.